ಅಡಚಣೆಗಾಗಿ ವಿಷಾದಿಸುತ್ತೇವೆ

ಸೇಲಂ ಸುತ್ತಿನ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಬರಹ ತಮಿಳು. ನಮ್ಮ ಮನೆಯೂ ಅಂಥದ್ದೇ. ಜಗಳ, ಜೋಗುಳ, ಚೌಡೇಶ್ವರಿಗೆ ಹೊರುವ ಹರಕೆ ಕನ್ನಡದಲ್ಲಿ. ಪಡಿತರ ಚೀಟಿ, ಪಾಠ, ಮದುವೆ ಪತ್ರಿಕೆ ತಮಿಳಿನಲ್ಲಿ. ಹೀಗಾಗಿ ನಮ್ಮ ಕನ್ನಡಕ್ಕೆ ಕಚೇರಿಯ ಮೆಟ್ಟಿಲು ಹತ್ತಿ ಗೊತ್ತಿರಲಿಲ್ಲ. ದೊಡ್ಡವಳಾದ ಮೇಲೆ ಕಾಗುಣಿತ ಕಲಿತು ಅದನ್ನು ಕೈಹಿಡಿದು ಹತ್ತಿಸಿದವಳು ನಾನು. ಆನ್‌ಲೈನಿನಲ್ಲಿ ಸೀರೆ ಮಾರುವ ಕಂಪನಿಯೊಂದರಲ್ಲಿ ಗಿರಾಕಿಗಳ ದೂರಿಗೆ ಮೂರು ಭಾಷೆಯಲ್ಲಿ ಕ್ಷಮೆ ಕೇಳುವುದು ನನ್ನ ಉದ್ಯೋಗ.

ಮನೆಯಲ್ಲಿ ಮಾತ್ರ ಯಾರೂ ಬಾಯಿಬಿಟ್ಟು ಕ್ಷಮೆ ಕೇಳಿದ್ದನ್ನು ನಾನು ಕಂಡಿಲ್ಲ. ಅಂಚಿನಲ್ಲಿ ಎಳೆ ತಪ್ಪಿದರೆ ಅಪ್ಪ ಸಾಹುಕಾರರ ಮುಂದೆ ‘ತಪ್ಪಾಗೋಯ್ತು ಸಾಮಿ’ ಅನ್ನುತ್ತಿದ್ದರು. ತಪ್ಪು ತಾನಾಗಿ ಆಗಿಹೋದದ್ದು, ಮಾಡಿದವರಿಲ್ಲ. ಆದರೆ ಅದಕ್ಕೆ ಕೂಲಿ ಹಿಡಿದುಕೊಂಡರೆ ಎದುರು ಮಾತಾಡುತ್ತಿರಲಿಲ್ಲ. ಹರಕೆ ಮರೆತ ವರ್ಷ ಅಮ್ಮ ಅರಿಶಿನದ ಬಟ್ಟೆಯಲ್ಲಿ ತಪ್ಪು ಕಾಣಿಕೆ ಕಟ್ಟಿಡುತ್ತಿದ್ದಳು. ಯಾಕೆ ಮರೆತೆ ಎಂದು ದೇವಿಗೆ ವಿವರಣೆ ಕೊಡುತ್ತಿರಲಿಲ್ಲ. ಓಲ್ಷ್‌ಟೈನ್ ಮತ್ತು ಕೋಹೆನ್ ಎಂಬ ಭಾಷಾವಿಜ್ಞಾನಿಗಳು 1983ರಲ್ಲಿ ಕ್ಷಮಾಪಣೆಯನ್ನು ಐದು ಬಗೆಯಾಗಿ ಬಿಡಿಸಿಟ್ಟರು: ಕ್ಷಮೆಯ ಮಾತು, ಕಾರಣ, ಹೊಣೆ, ಪರಿಹಾರ, ಇನ್ನು ಹೀಗಾಗದೆಂಬ ಭರವಸೆ. ಅಮ್ಮನಿಗೆ ಪರಿಹಾರವೊಂದೇ ಸಾಕಾಗಿತ್ತು.

ಕಂಪನಿಗೆ ಐದೂ ಬೇಕು, ಹೊಣೆಯೊಂದನ್ನು ಬಿಟ್ಟು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿತೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆ ಗಡುವಿಗೆಂದೇ ಸಿದ್ಧ ಪತ್ರಗಳಿವೆ. ಇಂಗ್ಲಿಷಿನದರಲ್ಲಿ ‘ಎನಿ ಇನ್‌ಕನ್ವೀನಿಯನ್ಸ್’ಗೆ ಕ್ಷಮೆ ಕೋರಲಾಗಿದೆ. ಆ ‘ಎನಿ’ಯನ್ನು ಇಂಗ್ಲಿಷ್ ಓದುಗರು ಉಸಿರಾಟದಂತೆ ದಾಟಿಹೋಗುತ್ತಾರೆ. ಅದನ್ನೇ ನಮ್ಮಲ್ಲಿ ‘ಏನಾದರೂ ತೊಂದರೆಯಾಗಿದ್ದಲ್ಲಿ’ ಎಂದು ಬರೆದರೆ, ತೊಂದರೆಯಾದದ್ದು ನಿಜವೋ ಸುಳ್ಳೋ ಎಂದು ಕೇಳಿದ ಹಾಗಾಗುತ್ತದೆ.

ಒಮ್ಮೆ ಒಂದೇ ಸರಕಿನ ಸೀರೆಗಳು ರವಿಕೆ ಕಣ ಇಲ್ಲದೆ ಹೋದವು. ಚಿತ್ರದ ಕೆಳಗೆ ‘80 ಸೆಂ.ಮೀ. ಕಣ ಸಮೇತ’ ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಚೆನ್ನೈನ ಗಿರಾಕಿಗೆ ಇಂಗ್ಲಿಷಿನ ಸಿದ್ಧ ಪತ್ರ ಹೋಯಿತು. ಅವರು ‘ನೋಟೆಡ್’ ಎಂದರು, ಮುಗಿಯಿತು. ಧರ್ಮಪುರಿಯ ಹೆಂಗಸು ತಮಿಳಿನಲ್ಲಿ ಬರೆದದ್ದು ಎರಡೇ ಸಾಲು: ಜಾಕೆಟ್ ಬಟ್ಟೆ ಇಲ್ಲ, ಯಾವಾಗ ಬರುತ್ತೆ? ನಮ್ಮ ತಮಿಳು ಪತ್ರ ‘ವರುಂದುಗಿರೋಂ’ ಎಂದು ಮೂರು ಕಡೆ ದುಃಖಪಟ್ಟಿತು. ಆಕೆಯ ಉತ್ತರ: ‘ವರುತ್ತಪ್ಪಡಾದೀಂಗ, ತುಣಿ ಅನುಪ್ಪುಂಗ.’ ನೀವು ದುಃಖಪಡಬೇಡಿ, ಬಟ್ಟೆ ಕಳಿಸಿ. ಅವರಿಗೆ ತಾರೀಖನ್ನೇ ಮೊದಲ ಸಾಲಿನಲ್ಲಿ ಬರೆದೆ, ಮತ್ತೆ ಮಾತಿಲ್ಲ.

ದಾವಣಗೆರೆಯವರ ಪತ್ರ ಬೇರೆಯೇ ಜಾತಿ. ಸೀರೆ ಬಂತು, ಬಣ್ಣ ಎಲ್ಲರಿಗೂ ಹಿಡಿಸಿತು, ಮಗಳ ಸೀಮಂತಕ್ಕೆ ಉಡಿಸಬೇಕೆಂದಿದ್ದೇವೆ, ನಿಮ್ಮೂರಲ್ಲಿ ಮಳೆ ಹೇಗೆ ಎಂದೆಲ್ಲ ಕೇಳಿ, ಕೊನೆಯ ಸಾಲಿನಲ್ಲಿ ಸಂಕೋಚದಿಂದ, ‘ಕಣ ಮಾತ್ರ ಕಾಣಲಿಲ್ಲರಿ.’ ದೂರು ಇದೇನಾ ಎಂದು ಎರಡು ಸಲ ಓದಬೇಕು. ಕೇಂದ್ರ ಕಚೇರಿಯವರು ಮಾಡಿಸಿದ್ದ ಕನ್ನಡ ಪತ್ರ ಹೊರಟಿತು: ‘ತಮಗೆ ಉಂಟಾದ ಅಡಚಣೆಗಾಗಿ ವಿಷಾದಿಸುತ್ತೇವೆ.’ ಅವರು ತಿರುಗಿ ಕೇಳಿದರು: ‘ರೈಲು ಎಷ್ಟು ಹೊತ್ತಿಗೆ ಬರ್ತದ ಮೇಡಂ?’

ನಗು ಬಂದರೂ ಒಳಗೆಲ್ಲೋ ಚುರುಕ್ ಎಂದಿತು. ಅಷ್ಟು ಕಷ್ಟಪಟ್ಟು ಮೆಟ್ಟಿಲು ಹತ್ತಿಸಿದ ನಮ್ಮ ಮಾತು ಅಲ್ಲಿ ಪ್ಲಾಟ್‌ಫಾರ್ಮಿನ ದನಿ ಹಚ್ಚಿಕೊಂಡು ನಿಂತಿತ್ತು. ಸಿದ್ಧ ಪತ್ರ ಬಿಟ್ಟು ಬರೆದೆ: ‘ಸೀಮಂತದ ಸುದ್ದಿ ಕೇಳಿ ಸಂತೋಷ. ಕಣ ಇಡದೆ ಕಳಿಸಿದ್ದು ನಮ್ಮದೇ ತಪ್ಪು. ಬುಧವಾರ ಕೊರಿಯರ್‌ಗೆ ಕೊಡುತ್ತೇವೆ. ಬೇರೆ ಸಲ ಅದ್ದಿದ ಬಣ್ಣವಾದ್ದರಿಂದ ಒಂದು ಛಾಯೆ ಹೆಚ್ಚುಕಡಿಮೆ ಇರಬಹುದು. ಹೊಂದದಿದ್ದರೆ ಸೀರೆಯನ್ನೇ ವಾಪಸು ಕಳಿಸಿ, ಖರ್ಚು ನಮ್ಮದು.’ ‘ನಮ್ಮದೇ ತಪ್ಪು’ ಎಂಬುದನ್ನು ಮ್ಯಾನೇಜರ್ ಸಾರ್ ಬೆರಳಿಟ್ಟು ತೋರಿಸಿದರು. ‘ತಪ್ಪಾಗಿದೆ’ ಅಂದರೆ ಸಾಲದೇನಮ್ಮಾ? ಅಪ್ಪನಿಗೆ ಸಾಲುತ್ತಿತ್ತು ಸಾರ್, ಅವರು ಕೂಲಿ ಬಿಟ್ಟುಕೊಡುತ್ತಿದ್ದರು, ಎಂದು ಹೇಳಲು ಹೋಗಲಿಲ್ಲ.

ದೂರಿನ ಉತ್ತರ ಸರಿಹೋಯಿತೇ ಎಂದು ಅಳೆಯಲು ಕಂಪನಿಗಿರುವುದು ಒಂದೇ ಕೋಲು: ಮುಚ್ಚಿದ ಟಿಕೆಟ್ ಮತ್ತೆ ತೆರೆಯಬಾರದು. ಚೆನ್ನೈ ತೆರೆಯಲಿಲ್ಲ, ಧರ್ಮಪುರಿ ತೆರೆಯಲಿಲ್ಲ. ದಾವಣಗೆರೆ ತೆರೆಯಿತು. ಕಣ ತಲುಪಿತು, ಬಣ್ಣ ಸರಿಯಾಗಿ ಕೂತಿದೆ, ಇಷ್ಟಕ್ಕೆಲ್ಲ ತಪ್ಪು ಅಂತ ಯಾಕ ಅಂತೀರಿ, ಹೆರಿಗೆ ಆದ ಮೇಲೆ ತಿಳಿಸ್ತೀನಿ ಎಂದು ಉದ್ದಕ್ಕೆ ಬರೆದಿದ್ದರು. ಯಂತ್ರಕ್ಕೆ ಬಂದ ಪತ್ರವೆಲ್ಲ ದೂರೇ. ‘ಬಗೆಹರಿಯದ ಪ್ರಕರಣ’ ಎಂದು ಆ ಟಿಕೆಟ್ ಕೆಂಪಾಯಿತು, ಮ್ಯಾನೇಜರ್ ಸಾರ್ ನನ್ನಿಂದ ಲಿಖಿತ ವಿವರಣೆ ಕೇಳಿದರು. ಅದನ್ನು ಮಾತ್ರ ಸಿದ್ಧ ಮಾದರಿಯಲ್ಲೇ ಬರೆದುಕೊಟ್ಟೆ.