ತೊಂಬತ್ತು ಸೆಕೆಂಡಿನ ಉತ್ತರ

ಬಿ.ಕಾಂ. ಮುಗಿಸಿದ ನನ್ನ ಆಪಾ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಮೊದಲ ಸಂದರ್ಶನದಲ್ಲಿ ಎದುರಿಗೆ ಯಾರೂ ಇರುವುದಿಲ್ಲವಂತೆ. ಪರದೆಯ ಮೇಲೆ ಪ್ರಶ್ನೆ ಬರುತ್ತದೆ. ಯೋಚಿಸಲು 30 ಸೆಕೆಂಡ್, ಉತ್ತರಕ್ಕೆ 90. ಆಮೇಲೆ ರೆಕಾರ್ಡಿಂಗ್ ತಾನಾಗಿಯೇ ನಿಲ್ಲುತ್ತದೆ. ಮನೆಯ ಅಭ್ಯಾಸದಲ್ಲಿ ಪ್ರಶ್ನೆ ಕೇಳಿ ಸಮಯ ನೋಡುವವಳು ನಾನು.

'ಸಿಟ್ಟಾದ ಗ್ರಾಹಕರನ್ನು ಹೇಗೆ ನಿಭಾಯಿಸಿದಿರಿ?' ಎಂದು ಕೇಳಿದೆ. ಆಪಾ ಇಡೀ ಉತ್ತರವನ್ನು ಉರ್ದುವಿನಲ್ಲಿ ಯೋಚಿಸಿ ಇಂಗ್ಲಿಷಿಗೆ ತಿರುಗಿಸಲು ಹೊರಟಳು. ಸಮಯ ಮುಗಿದಾಗ ಇನ್ನೂ ಅಂಗಡಿಯ ವರ್ಣನೆಯಲ್ಲೇ ಇದ್ದಳು!

ಈಗ ಆ 30 ಸೆಕೆಂಡಿನಲ್ಲಿ ಚೀಟಿಯ ಮೇಲೆ ಮೂರೇ ಪದ ಬರೆಯುತ್ತಾಳೆ: ಬಿಲ್, ತಾಳೆ, ವಾಪಸ್. ರಜೆಯಲ್ಲಿ ಕೆಲಸ ಮಾಡಿದ ಬಟ್ಟೆ ಅಂಗಡಿಯಲ್ಲಿ ಒಂದೇ ಸೀರೆ ಬಿಲ್ಲಿನಲ್ಲಿ ಎರಡು ಸಲ ಬಂದಿತ್ತು. ಇದಕ್ಕೆ 15 ಸೆಕೆಂಡ್. ಗ್ರಾಹಕರ ಮಾತು ಪೂರ್ತಿ ಕೇಳಿ, ಸ್ಟಾಕ್ ಪುಸ್ತಕದೊಂದಿಗೆ ತಾಳೆ ನೋಡಿದ್ದಕ್ಕೆ 45. ಹಣ ವಾಪಸ್ ಕೊಟ್ಟದ್ದಕ್ಕೆ 15. ಉಳಿದ 15 ಖಾಲಿ. ಅದಿಲ್ಲದಿದ್ದರೆ ಕೊನೆಯ ವಾಕ್ಯವೇ ತುಂಡಾಗುತ್ತದೆ.

ಚೀಟಿಯನ್ನು ಕ್ಯಾಮೆರಾದ ಪಕ್ಕದಲ್ಲೇ ಅಂಟಿಸಿದ್ದೇವೆ. ಪೂರ್ತಿ ವಾಕ್ಯ ಬರೆದಿಟ್ಟರೆ ಕಣ್ಣು ಎಡದಿಂದ ಬಲಕ್ಕೆ ಓಡುವುದು ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ. ಹೆದ್ದಾರಿಯ ಲಾರಿಗಳ ಸದ್ದೂ ರೆಕಾರ್ಡಿಂಗ್ ಕೇಳಿದಾಗಲೇ ಗೊತ್ತಾದದ್ದು. ಹಾಗಾಗಿ ಈಗ ಅಭ್ಯಾಸ ಹಿಂದಿನ ಕೋಣೆಯಲ್ಲಿ, ಫ್ಯಾನ್ ಆರಿಸಿ. ಸೆಕೆ ವಿಡಿಯೋದಲ್ಲಿ ಕಾಣುವುದಿಲ್ಲವಲ್ಲ.