ಫೋನಿಗೆ ನೆನಪಿದೆ, ಇಯರ್‌ಫೋನಿಗೆ ಮರೆತುಹೋಗಿದೆ

ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಇಯರ್‌ಫೋನಿನ ಹೆಸರು ಇದ್ದೇ ಇರುತ್ತೆ. ಅದನ್ನು ಒತ್ತಿದರೆ ಎರಡು ಸೆಕೆಂಡ್ "Connecting..." ಅಂತ ಬರುತ್ತೆ, ಆಮೇಲೆ ಏನೂ ನಡೆದೇ ಇಲ್ಲ ಅನ್ನೋ ಹಾಗೆ ಸುಮ್ಮನಾಗುತ್ತೆ. ಪೇರ್ ಆಗಿದೆ, ಆದ್ರೆ ಕನೆಕ್ಟ್ ಆಗಲ್ಲ. ಹಾಸ್ಟೆಲ್‌ನಲ್ಲಿ ಈ ದೂರು ಬಂದಾಗ ನಾವೆಲ್ಲ ಹೇಳೋ ಮದ್ದು ಒಂದೇ: ಬ್ಲೂಟೂತ್ ಆಫ್ ಮಾಡಿ ಆನ್ ಮಾಡು, ಫೋನ್ ರೀಸ್ಟಾರ್ಟ್ ಮಾಡು, ಆಗಲಿಲ್ಲ ಅಂದ್ರೆ ಇಯರ್‌ಫೋನ್ ರೀಸೆಟ್ ಮಾಡು. ಈ ಮೂರನೆಯದು ಎಷ್ಟೋ ಸಲ ಮದ್ದಲ್ಲ, ಕಾಯಿಲೆಯ ಮೂಲವೇ ಅದು.

ಪೇರ್ ಆಗಿದೆ ಅಂದ್ರೆ ಏನು ಅಂತ ಮೊದಲು ನೋಡೋಣ. ಫೋನು ಮತ್ತು ಇಯರ್‌ಫೋನು ಮೊದಲ ಸಲ ಭೇಟಿಯಾದಾಗ ಇಬ್ಬರೂ ಸೇರಿ 128 ಬಿಟ್‌ನ ಒಂದು ಗುಟ್ಟಿನ ಸಂಖ್ಯೆ ತಯಾರು ಮಾಡ್ಕೊಳ್ತಾರೆ. ಅದರ ಹೆಸರು ಲಿಂಕ್ ಕೀ. ಡಿಫಿ-ಹೆಲ್ಮನ್ ವಿಧಾನದಲ್ಲಿ ಎರಡೂ ಕಡೆ ಬೇರೆ ಬೇರೆಯಾಗಿ ಲೆಕ್ಕ ಹಾಕಿ ಒಂದೇ ಉತ್ತರಕ್ಕೆ ಬರೋದರಿಂದ ಆ ಕೀ ಗಾಳಿಯಲ್ಲಿ ಹಾದುಹೋಗೋದೇ ಇಲ್ಲ. ಫೋನು ತನ್ನ ಪ್ರತಿಯನ್ನು ಇಯರ್‌ಫೋನಿನ ವಿಳಾಸದ ಜೊತೆ ಬರೆದಿಟ್ಟುಕೊಳ್ಳುತ್ತೆ. ಇಯರ್‌ಫೋನು ತನ್ನ ಪ್ರತಿಯನ್ನು ಫೋನಿನ ವಿಳಾಸದ ಜೊತೆ ತನ್ನ ಪುಟ್ಟ ಫ್ಲ್ಯಾಶ್ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತೆ. ಸಾಲ ಕೊಟ್ಟವರು, ತಗೊಂಡವರು ಇಬ್ಬರೂ ಅವರವರ ಡೈರಿಯಲ್ಲಿ ಬರೆದುಕೊಂಡ ಹಾಗೆ. ನಮಗೆ ಕಾಣೋದು ಫೋನಿನ ಡೈರಿ ಮಾತ್ರ. ಅಲ್ಲಿ ಪೇರ್ ಆಗಿದೆ ಅಂತ ಇದ್ದರೆ ಫೋನಿನ ಹತ್ತಿರ ಕೀ ಇದೆ ಅಂತ ಅರ್ಥ, ಅಷ್ಟೇ. ಇಯರ್‌ಫೋನಿನ ಹತ್ತಿರ ಅದು ಈಗಲೂ ಇದೆಯಾ ಅಂತ ಆ ಪಟ್ಟಿಗೆ ಗೊತ್ತಿಲ್ಲ.

ನಮ್ಮ ರೂಮಿನ ಒಬ್ಬನಿಗೆ ದಸರಾ ರಜೆ ಮುಗಿಸಿ ಬಂದಮೇಲೆ ಇದೇ ಆಯ್ತು. ಪಕ್ಕದ ರಸ್ತೆಯ ಮೊಬೈಲ್ ಅಂಗಡಿಯಲ್ಲಿ "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಅಂದ್ರು. ಅವನ ಹತ್ತಿರ ಹೊಸದಕ್ಕೆ ದುಡ್ಡಿರಲಿಲ್ಲ. ಹಾಗಾಗಿ ನಾವು ಕೂತು ಒಂದೊಂದೇ ನೋಡಿದ್ವಿ. ಮೊದಲ ಅನುಮಾನ, ಅದು ಆಗಲೇ ಬೇರೆ ಯಾವುದಕ್ಕೋ ಕನೆಕ್ಟ್ ಆಗಿ ಕೂತಿದೆಯಾ ಅಂತ. ರೂಮಿನ ಲ್ಯಾಪ್‌ಟಾಪ್‌ಗಳ ಬ್ಲೂಟೂತ್ ಎಲ್ಲ ಆಫ್ ಮಾಡಿದ್ವಿ, ಬದಲಾವಣೆ ಇಲ್ಲ. ಎರಡನೆಯದು, ಇಯರ್‌ಫೋನೇ ಕೆಟ್ಟಿದೆಯಾ ಅಂತ. ಪೇರಿಂಗ್ ಮೋಡ್‌ಗೆ ಹಾಕಿ ಬೇರೆಯವರ ಫೋನಿಗೆ ಸೇರಿಸಿದ್ವಿ, ಅರ್ಧ ನಿಮಿಷದಲ್ಲಿ ಹಾಡು ಬಂತು. ಅಂದ್ರೆ ಬೋರ್ಡ್ ಚೆನ್ನಾಗಿದೆ, ರೇಡಿಯೋ ಚೆನ್ನಾಗಿದೆ. ಯಜಮಾನನ ಫೋನಿಗೆ ಮಾತ್ರ ಒಲ್ಲೆ ಅನ್ನುತ್ತಿದೆ.

ಊರಿಗೆ ಫೋನ್ ಮಾಡಿ ಕೇಳಿದಾಗ ಅವನ ತಂಗಿ ಹೇಳಿದಳು: "ನನ್ನ ಫೋನಲ್ಲಿ ಬರ್ಲಿಲ್ಲ ಕಣೋ ಅಣ್ಣ, ಅದಕ್ಕೆ ಕೇಸ್‌ನ ಬಟನ್ ಒತ್ತಿ ಹಿಡ್ಕೊಂಡೆ, ಲೈಟ್ ಮಿಣಮಿಣ ಅಂತು, ಆಮೇಲೆ ಬಂತು." ಅವಳು ಮಾಡಿದ್ದು ಫ್ಯಾಕ್ಟರಿ ರೀಸೆಟ್. ಇಯರ್‌ಫೋನಿನ ಡೈರಿ ಪೂರ್ತಿ ಅಳಿಸಿಹೋಯ್ತು, ಅದರಲ್ಲಿ ಅಣ್ಣನ ಕೀ ಕೂಡ ಹೋಯ್ತು. ಅಣ್ಣನ ಫೋನಿಗೆ ಈ ಸುದ್ದಿ ಮುಟ್ಟಲೇ ಇಲ್ಲ.

ಯಾರೂ ರೀಸೆಟ್ ಮಾಡದೇನೂ ಹೀಗಾಗಬಹುದು. ಇಯರ್‌ಫೋನಿನ ಪಟ್ಟಿಯಲ್ಲಿ ಬೆರಳೆಣಿಕೆಯಷ್ಟು ಜಾಗ ಮಾತ್ರ ಇರುತ್ತೆ. ರೂಮಿಂದ ರೂಮಿಗೆ ತಿರುಗಿ ಹೊಸ ಹೊಸ ಫೋನಿಗೆ ಪೇರ್ ಆದರೆ ಹಳೆಯ ಹೆಸರು ಸದ್ದಿಲ್ಲದೆ ಹೊರಗೆ ಬೀಳುತ್ತೆ.

ಅನುಮಾನಕ್ಕೆ ಸಾಕ್ಷಿ ಬೇಕು ಅಂತ ಆಂಡ್ರಾಯ್ಡ್‌ನ ಡೆವಲಪರ್ ಆಪ್ಷನ್ಸ್‌ನಲ್ಲಿ "Enable Bluetooth HCI snoop log" ಆನ್ ಮಾಡಿದ್ವಿ. ಬ್ಲೂಟೂತ್ ಒಮ್ಮೆ ಆಫ್-ಆನ್ ಮಾಡಿ, ಇಯರ್‌ಫೋನಿನ ಹೆಸರು ಒತ್ತಿ, ಆಮೇಲೆ `adb bugreport` ಕೊಟ್ಟು ಬಂದ ಜಿಪ್‌ನೊಳಗಿನ `btsnoop_hci.log` ಅನ್ನು ವೈರ್‌ಶಾರ್ಕ್‌ನಲ್ಲಿ ತೆರೆದ್ವಿ. ಉಳಿದ ಸಾಲುಗಳನ್ನು ಬಿಟ್ಟರೆ ಕಥೆ ಇಷ್ಟು:

```
Connection Complete      0x00 (Success)
Link Key Request
Link Key Request Reply
Authentication Complete  0x06 (PIN or Key Missing)
```

ಮೊದಲ ಸಾಲಿನ ಪ್ರಕಾರ ರೇಡಿಯೋ ಸಂಪರ್ಕ ಆಗಿದೆ, ಇಯರ್‌ಫೋನು ಕರೆಗೆ ಓಗೊಟ್ಟಿದೆ. ಆಮೇಲೆ ಗುರುತಿನ ಪರೀಕ್ಷೆ. ಒಬ್ಬರು ಒಂದು ರ‍್ಯಾಂಡಮ್ ಸಂಖ್ಯೆ ಕಳಿಸ್ತಾರೆ, ಇನ್ನೊಬ್ಬರು ತಮ್ಮ ಕೀ ಹಾಕಿ ಲೆಕ್ಕ ಮಾಡಿದ ಉತ್ತರ ಕೊಡಬೇಕು. ನಡುವಿನ ಎರಡು ಸಾಲುಗಳಲ್ಲಿ ಫೋನಿನೊಳಗಿನ ಬ್ಲೂಟೂತ್ ಚಿಪ್ ಕೀ ಕೇಳಿದೆ, ಫೋನು ಕೊಟ್ಟಿದೆ. ಕೊನೆಯ ಸಾಲಿನಲ್ಲಿ ಇಯರ್‌ಫೋನು "ನನ್ನ ಹತ್ತಿರ ಕೀ ಇಲ್ಲ" ಅಂದಿದೆ. ಅಲ್ಲಿ 0x05, ಅಂದ್ರೆ Authentication Failure ಬಂದಿದ್ದರೆ ಅರ್ಥ ಬೇರೆ: ಎರಡೂ ಕಡೆ ಕೀ ಇದೆ, ಆದರೆ ಒಂದಕ್ಕೊಂದು ತಾಳೆ ಆಗ್ತಿಲ್ಲ. ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಹಾಕ್ಕೊಂಡವರಿಗೆ ಇದು ಬರಬಹುದು. ಲ್ಯಾಪ್‌ಟಾಪಿನ ಬ್ಲೂಟೂತ್ ವಿಳಾಸ ಎರಡರಲ್ಲೂ ಒಂದೇ ಆದ್ದರಿಂದ, ಲಿನಕ್ಸ್‌ನಲ್ಲಿ ಪೇರ್ ಮಾಡಿದ ಕೂಡಲೇ ವಿಂಡೋಸ್‌ನ ಕೀ ಹಳಸಿಹೋಗುತ್ತೆ.

ಇಲ್ಲಿ ನಮಗೊಂದು ಪ್ರಶ್ನೆ ಬಂತು. ಕೀ ಇಲ್ಲ ಅಂತ ಇಯರ್‌ಫೋನು ಬಾಯಿಬಿಟ್ಟು ಹೇಳಿದ ಮೇಲೂ ಫೋನು ಹಳೆಯದನ್ನು ಅಳಿಸಿ ತಾನೇ ಹೊಸದಾಗಿ ಪೇರ್ ಮಾಡ್ಕೊಳ್ಳಬಾರದಾ? ಮಾಡಿದರೆ ಅಪಾಯ. ಬ್ಲೂಟೂತ್ ವಿಳಾಸ ಗುಟ್ಟಿನದಲ್ಲ. ಲೈಬ್ರರಿಯಲ್ಲಿ ಪಕ್ಕದ ಬೆಂಚಿನವನು ನಮ್ಮ ಇಯರ್‌ಫೋನಿನ ವಿಳಾಸವನ್ನೇ ಹಾಕ್ಕೊಂಡು ನಿಂತರೆ? ವಿಳಾಸ ಕದಿಯಬಹುದು, ಕೀ ಕದಿಯೋಕೆ ಆಗಲ್ಲ. ಹಾಗಾಗಿ "ನಾನೇ ಆ ಇಯರ್‌ಫೋನ್, ಕೀ ಕಳೆದುಹೋಗಿದೆ" ಅಂತಾನೆ. ಫೋನು ಅದನ್ನು ನಂಬಿ ಹೊಸ ಕೀ ಮಾಡ್ಕೊಂಡರೆ ನಮ್ಮ ಕರೆಯ ಧ್ವನಿ ಅವನಿಗೆ ಹೋಗುತ್ತೆ. ಇಯರ್‌ಫೋನಿಗೆ ಸ್ಕ್ರೀನೂ ಇಲ್ಲ, ಕೀಬೋರ್ಡೂ ಇಲ್ಲ, ಅಂಕಿ ತೋರಿಸಿ ಗುರುತು ಹಿಡಿಯೋ ದಾರಿಯೂ ಇಲ್ಲ. ಫೋನಿನ ಹಟಕ್ಕೆ ಕಾರಣ ಇದು. ಹಳೆಯ ದಾಖಲೆ ಅಳಿಸೋ ಅಧಿಕಾರ ಮನುಷ್ಯನ ಕೈಯಲ್ಲೇ ಇರಬೇಕು. ಕಷ್ಟ ಏನಂದ್ರೆ, ಕಾರಣ ಗೊತ್ತಿದ್ದರೂ ಎಷ್ಟೋ ಫೋನುಗಳು ಅದನ್ನು ನಮಗೆ ಹೇಳಲ್ಲ, ಸುಮ್ಮನೆ ಸೋಲುತ್ತವೆ.

ಹಾಗಾಗಿ ಪರಿಹಾರ ಇರೋದು ಫೋನಿನ ಕಡೆ. ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಆ ಹೆಸರಿನ ಪಕ್ಕದ ಗುರುತು ಒತ್ತಿ "Forget" ಕೊಡಬೇಕು. ಆಮೇಲೆ ಇಯರ್‌ಫೋನನ್ನು ಪೇರಿಂಗ್ ಮೋಡ್‌ಗೆ ಹಾಕಿ ಹೊಸದಾಗಿ ಪೇರ್ ಮಾಡಬೇಕು. ಇಯರ್‌ಫೋನನ್ನು ಹತ್ತು ಸಲ ರೀಸೆಟ್ ಮಾಡಿದರೂ ಪ್ರಯೋಜನ ಇಲ್ಲ, ಯಾಕಂದ್ರೆ ಅದು ಅಳಿಸೋದು ತನ್ನ ಡೈರಿಯನ್ನು ಮಾತ್ರ. ನಮ್ಮ ಗೆಳೆಯನ ಫೋನಲ್ಲಿ "Forget" ಒತ್ತಿ ಮತ್ತೆ ಪೇರ್ ಮಾಡೋಕೆ ಒಂದು ನಿಮಿಷವೂ ಹಿಡೀಲಿಲ್ಲ. "ಹೋಗಿದೆ" ಅಂದಿದ್ದ ಅದೇ ಬೋರ್ಡಿನ ಇಯರ್‌ಫೋನನ್ನು ಅವನು ಈಗಲೂ ಹಾಕ್ಕೊಂಡು ಓಡಾಡ್ತಾನೆ.

ಇದೇ ಮಾತು ತಿರುಗುಮುರುಗಾಗಿಯೂ ನಿಜ, ಹಾಸ್ಟೆಲ್‌ನಲ್ಲಿ ಅದು ಇನ್ನೂ ಮುಖ್ಯ. ಸೀನಿಯರ್ ಒಬ್ಬರು ಇಯರ್‌ಫೋನನ್ನು ಜೂನಿಯರ್‌ಗೆ ಮಾರಿದರು ಅಂದ್ಕೊಳ್ಳಿ. ಜೂನಿಯರ್ ತನ್ನ ಫೋನಿಗೆ ಪೇರ್ ಮಾಡಿದ, ಕೆಲಸ ಆಯ್ತು. ಆದರೆ ಇಯರ್‌ಫೋನಿನ ಪಟ್ಟಿಯಲ್ಲಿ ಸೀನಿಯರ್ ಫೋನಿನ ಕೀ ಇನ್ನೂ ಇದೆ, ಅವರ ಫೋನಲ್ಲೂ ಇದೆ. ಈ ದಾಖಲೆ ಹಳೆಯದು, ಆದರೆ ಎರಡೂ ಕಡೆ ಜೀವಂತವಾಗಿದೆ. ಪಕ್ಕದ ರೂಮಿನಿಂದ ಅವರ ಫೋನು ಯಾರನ್ನೂ ಕೇಳದೆ ಸೇರಿಕೊಳ್ಳಬಹುದು. ಅವರ ಮನೆಯ ಕರೆ ಜೂನಿಯರ್ ಕಿವಿಗೆ ಬೀಳಬಹುದು, ಜೂನಿಯರ್ ಕಿವಿಯಲ್ಲಿರೋ ಮೈಕ್ ಅವರ ಫೋನಿಗೆ ಸಿಗಬಹುದು. ರೀಸೆಟ್ ಬಟನ್ ನಿಜವಾಗಿ ಬೇಕಾಗೋದು ಇಲ್ಲಿ. ಇಯರ್‌ಫೋನ್ ಕೈ ಬದಲಾಯಿಸೋ ಮುಂಚೆ ಕೊಡುವವರು ಅದನ್ನು ರೀಸೆಟ್ ಮಾಡಲಿ, ತಮ್ಮ ಫೋನಲ್ಲೂ "Forget" ಒತ್ತಲಿ. ಕೊಡುವವರು ಮರೆತರೆ ತಗೊಳ್ಳುವವರು ಮೊದಲು ರೀಸೆಟ್ ಮಾಡಿ, ಆಮೇಲೆ ಪೇರ್ ಮಾಡಲಿ.