ಹದಿನಾಲ್ಕು ದಿನ ಮತ್ತು ಅರ್ಧ ಪರ್ಸೆಂಟು

ಪರೀಕ್ಷೆಗೆ ಹದಿನಾಲ್ಕು ದಿನ ಉಳಿದಿದೆ ಎಂದರೆ ನಮ್ಮ ಮಕ್ಕಳು ಮೊದಲು ಮಾಡುವ ಕೆಲಸ ಓದುವುದಲ್ಲ, ಗೆರೆ ಎಳೆಯುವುದು. ಹಾಳೆ, ಸ್ಕೇಲು, ನಾಲ್ಕು ಬಣ್ಣದ ಪೆನ್ನು. ಅಕ್ಕನ ಮಗಳು 2025ರ ಜೂನ್ ಎರಡರಂದು ನನ್ನ ಮುಂದೆ ಹರವಿದ ಟೈಮ್‌ಟೇಬಲ್ಲೂ ಅಂಥದ್ದೇ. ಬಿ.ಎ. ಕೊನೆಯ ವರ್ಷ, ಅರ್ಥಶಾಸ್ತ್ರ. ಹದಿನಾರನೇ ತಾರೀಖು ಹಣಕಾಸು ನೀತಿಯ ಪತ್ರಿಕೆ. ಈ ಪತ್ರಿಕೆಯಲ್ಲಿ ಅಂಕ ಬಂದರೆ ಎಂ.ಎ., ಬಾರದಿದ್ದರೆ ಮನೆಯವರು ಗೊತ್ತುಮಾಡಿಟ್ಟ ಗಾರ್ಮೆಂಟ್ಸ್ ಆಫೀಸಿನ ಕೆಲಸ ಎಂದು ಮನೆಯಲ್ಲಿ ಮಾತಾಗಿತ್ತು. ಐದು ಘಟಕ, ಒಂದೊಂದಕ್ಕೆ ಎರಡು ದಿನ, ಉಳಿದ ನಾಲ್ಕು ದಿನ 'ರಿವಿಜನ್' ಎಂದು ಹಸಿರು ಶಾಯಿಯಲ್ಲಿ ಬರೆದಿದ್ದಳು. ನಾನು ಬ್ಯಾಂಕಿನಲ್ಲಿ ಸಾಲದ ಕಡತ ನೋಡಿಕೊಂಡು ನಿವೃತ್ತನಾದವನು, ಮೇಷ್ಟ್ರಲ್ಲ. ಆದರೂ ಐದು ಘಟಕಕ್ಕೂ ಒಂದೇ ಅಳತೆ ಹಾಕಿದ್ದು ನನಗೆ ಸರಿಕಾಣಲಿಲ್ಲ. ಹಣದ ವ್ಯಾಖ್ಯೆ, ರಿಸರ್ವ್ ಬ್ಯಾಂಕಿನ ಚರಿತ್ರೆ ಇವೆಲ್ಲ ಅರ್ಧ ದಿನದ ಕೆಲಸ. ರೆಪೊ ದರ ಬದಲಾದರೆ ಊರಿನ ಒಂದು ಮನೆಯ ತನಕ ಅದು ಹೇಗೆ ಬಂದು ಮುಟ್ಟುತ್ತದೆ ಎಂಬುದಕ್ಕೆ ನಾಲ್ಕು ದಿನ ಬೇಕು. ಹುಡುಗರು ಬೀಳುವುದು ಅಲ್ಲೇ.

ಮೊದಲ ದಿನ ಓದಬೇಡ, ನೋಟ್ಸಿನ ವಯಸ್ಸು ನೋಡು ಎಂದೆ. ಅವಳ ಕೈಲಿದ್ದದ್ದು ಸೀನಿಯರ್ ಒಬ್ಬಳಿಂದ ಬಂದ ಜೆರಾಕ್ಸ್ ಪ್ರತಿ. ಹಣಕಾಸು ನೀತಿಯ ನೋಟ್ಸು ಹಳತೋ ಹೊಸತೋ ಎಂದು ತಿಳಿಯಲು ಸುಲಭದ ದಾರಿಯಿದೆ: ಅದರಲ್ಲಿ 'ಎಸ್‌ಡಿಎಫ್' ಎಂಬ ಮೂರಕ್ಷರ ಇದೆಯೇ ನೋಡಬೇಕು. ಬ್ಯಾಂಕುಗಳು ತಮ್ಮಲ್ಲಿ ಉಳಿದ ಹಣವನ್ನು ಒತ್ತೆಯಿಲ್ಲದೆ ರಿಸರ್ವ್ ಬ್ಯಾಂಕಿನಲ್ಲಿಡುವ ಈ ವ್ಯವಸ್ಥೆ ಬಂದದ್ದು 2022ರ ಏಪ್ರಿಲ್‌ನಲ್ಲಿ. ಅಲ್ಲಿಯ ತನಕ ಆ ಕೆಳಮಿತಿಯ ಜಾಗದಲ್ಲಿ ರಿವರ್ಸ್ ರೆಪೊ ಇತ್ತು. ಈಗ ನಡುವೆ ರೆಪೊ, ಅದಕ್ಕಿಂತ ಕಾಲು ಪರ್ಸೆಂಟು ಕೆಳಗೆ ಎಸ್‌ಡಿಎಫ್, ಕಾಲು ಪರ್ಸೆಂಟು ಮೇಲೆ ಎಂಎಸ್‌ಎಫ್. ಬ್ಯಾಂಕುಗಳು ಒಂದು ರಾತ್ರಿಗೆ ಪರಸ್ಪರ ಕೊಡುವ ಸಾಲದ ಬಡ್ಡಿ ಈ ಎರಡು ಗೋಡೆಗಳ ನಡುವೆ ಇರಲಿ ಎಂಬುದು ಉದ್ದೇಶ. ಅವಳ ನೋಟ್ಸಿನಲ್ಲಿ ಆ ಮೂರಕ್ಷರ ಇರಲಿಲ್ಲ. ಆ ಅಧ್ಯಾಯವನ್ನು ಕೂತು ಹೊಸದಾಗಿ ಬರೆದುಕೊಂಡಳು.

ಎರಡರಿಂದ ನಾಲ್ಕನೇ ದಿನದವರೆಗೆ ಸಿದ್ಧಾಂತ. ಅದರ ಬಗ್ಗೆ ನನಗೆ ಹೇಳುವುದೇನಿಲ್ಲ, ಅವಳಿಗೇ ನನಗಿಂತ ಚೆನ್ನಾಗಿ ಗೊತ್ತು. ಐದನೇ ದಿನ, ಜೂನ್ ಆರು, ಶುಕ್ರವಾರ. ಬೆಳಗ್ಗೆ ಹತ್ತಕ್ಕೆ ಗವರ್ನರ್ ಸಂಜಯ್ ಮಲ್ಹೋತ್ರಾ ಟಿವಿಯಲ್ಲಿ ಮಾತಾಡಿದರು. ರೆಪೊ 6.00ರಿಂದ 5.50ಕ್ಕೆ ಇಳಿಯಿತು. ಸಿಆರ್‌ಆರ್ 4ರಿಂದ 3ಕ್ಕೆ, ಅದೂ ಸೆಪ್ಟೆಂಬರಿನಿಂದ ನಾಲ್ಕು ಕಂತುಗಳಲ್ಲಿ. ಏಪ್ರಿಲ್‌ನಲ್ಲಷ್ಟೇ 'ಹೊಂದಾಣಿಕೆಯ' ನಿಲುವಿಗೆ ಬಂದಿದ್ದ ಸಮಿತಿ ಮತ್ತೆ 'ತಟಸ್ಥ'ಕ್ಕೆ ಮರಳಿತು.

"ಮಾವ, ದರ ಇಳಿಸಿ ನಿಲುವನ್ನ ಬಿಗಿ ಮಾಡೋದು ಅಂದ್ರೆ ಹೆಂಗೆ? ಎರಡೂ ಒಂದಕ್ಕೊಂದು ವಿರುದ್ಧ ಅಲ್ವಾ?" ಎಂದಳು.

ವಿರುದ್ಧವಲ್ಲ. ದರ ಎಂದರೆ ಇವತ್ತು ಮಾಡಿದ್ದು, ನಿಲುವು ಎಂದರೆ ಮುಂದಿನ ಸಲದ ಬಗ್ಗೆ ಕೊಟ್ಟ ಸೂಚನೆ. ಇವತ್ತು ದೊಡ್ಡದಾಗಿ ಇಳಿಸಿದ್ದೇವೆ, ಇನ್ನು ಮೇಲೆ ಏರಿಕೆಯೋ ಇಳಿಕೆಯೋ ಅಂಕಿ ಅಂಶ ನೋಡಿ ಹೇಳುತ್ತೇವೆ ಎಂದಷ್ಟೇ ಅದರ ಅರ್ಥ. ಇದನ್ನು ಅವಳು ಎರಡು ಸಾಲಿನಲ್ಲಿ ಬರೆದಿಟ್ಟುಕೊಂಡಳು. ಅಷ್ಟರಲ್ಲಿ ಒಳಗಿನಿಂದ ಭಾವ ಬಂದರು. "ಬಡ್ಡಿ ಇಳೀತಂತಲ್ಲಪ್ಪ, ನನ್ನ ಕಂತು ಯಾವಾಗ ಇಳಿಯುತ್ತೆ?"

ಐದರಿಂದ ಎಂಟನೇ ದಿನದ ಪಾಠ ಭಾವನ ಈ ಪ್ರಶ್ನೆಯೇ ಆಯಿತು. ದೊಡ್ಡಬಳ್ಳಾಪುರದ ಬಹಳ ಮನೆಗಳಂತೆ ಅಕ್ಕನ ಮನೆಯ ಹಿಂದೆಯೂ ಪವರ್‌ಲೂಮ್ ಇದೆ. ಎರಡು ಮಗ್ಗ ಹೆಚ್ಚಿಗೆ ಹಾಕಲು ಭಾವ 2022ರ ಏಪ್ರಿಲ್‌ನಲ್ಲಿ ಆರು ಲಕ್ಷ ಸಾಲ ತೆಗೆದಿದ್ದರು, ಅರವತ್ತು ಕಂತು. 2019ರ ಅಕ್ಟೋಬರಿನಿಂದ ಸಣ್ಣ ಉದ್ದಿಮೆಗಳಿಗೆ ಬ್ಯಾಂಕು ಕೊಡುವ ಬದಲಾಗುವ ಬಡ್ಡಿಯ ಸಾಲಗಳು ಹೊರಗಿನ ಒಂದು ದರಕ್ಕೆ ಜೋಡಿಸಲ್ಪಟ್ಟಿರಬೇಕು. ಇವರದ್ದು ರೆಪೊಗೆ. ಆಗ ರೆಪೊ 4.00, ಬ್ಯಾಂಕಿನ ಹೆಚ್ಚುವರಿ 4.50, ಒಟ್ಟು 8.50. ಕಂತು 12,310 ರೂಪಾಯಿ. ಮುಂದಿನ ತಿಂಗಳೇ, ಮೇ ನಾಲ್ಕರಂದು, ಮಾಮೂಲಿ ಸಭೆಗೂ ಮುಂಚೆ ಸಮಿತಿ ಸೇರಿ ರೆಪೊ ಏರಿಸಿತು. 2023ರ ಫೆಬ್ರವರಿಯ ಹೊತ್ತಿಗೆ ಆರು ಏರಿಕೆಗಳಾಗಿ ಅದು 6.50 ಮುಟ್ಟಿತು. ಭಾವನ ಬಡ್ಡಿ 11.

"ಹಂಗಾದ್ರೆ ಅಪ್ಪನ ಕಂತು ಎಷ್ಟಾಯ್ತು?" ಎಂದು ಕೇಳಿದೆ. ಅವಳು ಪಾಸ್‌ಬುಕ್ ತಂದಳು. 12,310. ಎಲ್ಲ ತಿಂಗಳೂ ಅಷ್ಟೇ.

"ಹಂಗಾದ್ರೆ ರೆಪೊ ಮುಟ್ಟಲೇ ಇಲ್ವಲ್ಲ ಮಾವ!"

ಮುಟ್ಟಿತ್ತು, ಕಾಣದ ಕಡೆ. ಲೆಕ್ಕ ಸುಲಭವಾಗಲಿ ಎಂದು ಇಡೀ ಏರಿಕೆ ಮೊದಲ ದಿನವೇ ಆಯಿತೆಂದು ಇಟ್ಟುಕೊಂಡೆವು. 8.50ರಲ್ಲಿ ಮೊದಲ ತಿಂಗಳ ಬಡ್ಡಿ 4,250. ಹನ್ನೊಂದರಲ್ಲಿ 5,500. ಕಂತು ಅದೇ ಇದ್ದರೆ ಅಸಲಿಗೆ ಹೋಗುವ ಹಣ 1,250 ಕಡಿಮೆ. ಅಸಲು ನಿಧಾನವಾಗಿ ಕರಗುವುದರಿಂದ ಸಾಲ ಅರವತ್ತರ ಬದಲು ಸುಮಾರು ಅರವತ್ತೈದು ತಿಂಗಳು ಎಳೆಯುತ್ತದೆ. ಅರವತ್ತಕ್ಕೇ ಮುಗಿಯಬೇಕೆಂದರೆ ಕಂತು 13,045 ಆಗಬೇಕು. ಏರಿಕೆ ನಿಜದಲ್ಲಿ ಒಂಬತ್ತು ತಿಂಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಂದದ್ದರಿಂದ, 2025ರಲ್ಲಿ ಇಳಿಯಲೂ ಶುರುವಾದದ್ದರಿಂದ, ಭಾವನಿಗೆ ಪೂರಾ ಐದು ತಿಂಗಳು ಬೀಳುವುದಿಲ್ಲ. ಆದರೆ ದಿಕ್ಕು ಅದೇ. ಈಗ ಇಳಿದಾಗಲೂ ಹಾಗೆಯೇ: ಕಂತು ಅಲುಗುವುದಿಲ್ಲ, ಬಾಲ ಗಿಡ್ಡವಾಗುತ್ತದೆ. ಅದೂ ಇವತ್ತೇ ಅಲ್ಲ. ಬ್ಯಾಂಕು ಮೂರು ತಿಂಗಳಿಗೊಮ್ಮೆಯಾದರೂ ದರ ಪರಿಷ್ಕರಿಸಬೇಕೆಂದಷ್ಟೇ ನಿಯಮ, ಆ ದಿನದ ತನಕ ಹಳೆಯ ಬಡ್ಡಿಯೇ ನಡೆಯಬಹುದು. ಭಾವ ಇದನ್ನೆಲ್ಲ ಕೇಳಿ, "ಅಂದ್ರೆ ನನ್ನ ಕೈಗೆ ಒಂದು ರೂಪಾಯೂ ಬರಲ್ಲ ಅನ್ನು" ಎಂದು ಮಗ್ಗದ ಕಡೆ ಹೋದರು. ಅದು ಸರಿಯಾದ ಉತ್ತರವೇ. ಕೈಗೆ ಹಣ ಬಾರದಿದ್ದರೆ ಅವರ ಖರ್ಚೂ ಹೆಚ್ಚಾಗದು. ದರ ಇಳಿಸಿದ ಕೂಡಲೇ ಬೇಡಿಕೆ ಏರುತ್ತದೆ ಎಂದು ಪುಸ್ತಕ ಒಂದು ಬಾಣದ ಗುರುತಿನಲ್ಲಿ ಮುಗಿಸುವ ಮಾತು ಊರಲ್ಲಿ ಯಾಕೆ ತಡವಾಗುತ್ತದೆ ಎಂಬುದಕ್ಕೆ ಇದು ಒಂದು ಕಾರಣ.

ಇನ್ನೊಂದು ಕಾರಣ ಅಕ್ಕನ ಸ್ಟೀಲ್ ಡಬ್ಬಿಯಲ್ಲಿತ್ತು: ಸಂಘದ ಸಾಲದ ಕಾರ್ಡು. ಮೈಕ್ರೋಫೈನಾನ್ಸ್ ಕಂಪನಿಯ ಆ ಸಾಲ ರೆಪೊಗೆ ಜೋಡಣೆಯಾಗಿದ್ದಲ್ಲ, ಬಡ್ಡಿ ಮೊದಲೇ ನಿಗದಿ. ರೆಪೊ ನಾಲ್ಕಿದ್ದಾಗಲೂ ಆರೂವರೆಯಿದ್ದಾಗಲೂ ಅಕ್ಕನ ವಾರದ ಕಂತು ಒಂದೇ. ಒಂದೇ ಮನೆಯಲ್ಲಿ ಎರಡು ಸಾಲ. ಹಣಕಾಸು ನೀತಿ ಒಂದರಲ್ಲಿ ತಡವಾಗಿ ಬರುತ್ತದೆ, ಇನ್ನೊಂದರ ಬಾಗಿಲು ತಟ್ಟುವುದೇ ಇಲ್ಲ. 'ನೀತಿಯ ಪ್ರಸರಣ ಮತ್ತು ಅದರ ಮಿತಿಗಳು' ಎಂಬ ಹತ್ತು ಅಂಕದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ.

ಒಂಬತ್ತನೇ ದಿನ ಸಿಆರ್‌ಆರ್. ಅವಳ ಪುಸ್ತಕದಲ್ಲಿ ಹಣದ ಗುಣಕ ಎಂದರೆ ಒಂದನ್ನು ಸಿಆರ್‌ಆರ್‌ನಿಂದ ಭಾಗಿಸುವುದು. ಶೇ 4 ಇದ್ದಾಗ 25, ಶೇ 3ಕ್ಕೆ ಇಳಿದರೆ 33. ನೋಡಿದರೆ ದೇಶದಲ್ಲಿ ಹಣದ ಮಳೆಯೇ ಸುರಿಯಬೇಕು. ವಾರದ ಬಟವಾಡೆ ನೆನಪಿಸಿಕೋ ಎಂದೆ. ಮಗ್ಗದವರಿಗೆ ಕೂಲಿ ನಗದಿನಲ್ಲಿ ಹೋಗುತ್ತದೆ, ಆ ನೋಟು ಅಂಗಡಿಗೆ, ಸಂತೆಗೆ ಹೋಗುತ್ತದೆ, ಬ್ಯಾಂಕಿಗೆ ಬರುವುದು ಸ್ವಲ್ಪವೇ. ಜನ ಕೈಯಲ್ಲಿಟ್ಟುಕೊಳ್ಳುವ ಈ ನಗದನ್ನು ಸೇರಿಸಿದ ಸೂತ್ರ ಬೇರೆ:

```
m = (1 + c) / (c + r)
```

ಠೇವಣಿಯ ನೂರು ರೂಪಾಯಿಗೆ ಇಪ್ಪತ್ತು ರೂಪಾಯಿ ನಗದು ಹೊರಗಿದೆ ಎಂದಿಟ್ಟುಕೊಂಡರೆ c ಎಂದರೆ 0.20. ಸಿಆರ್‌ಆರ್ ಶೇ 4ರಲ್ಲಿ ಗುಣಕ 5. ಶೇ 3ರಲ್ಲಿ 5.2. ಇಪ್ಪತ್ತೈದರಿಂದ ಮೂವತ್ತಮೂರಕ್ಕೆ ಹಾರಿದ್ದು ಐದರಿಂದ ಐದೂಕಾಲಿಗೂ ಮುಟ್ಟಲಿಲ್ಲ. ಇಷ್ಟಾದ ಮೇಲೂ, ಸಾಲ ಕೇಳುವವರಿರಬೇಕು, ಕೊಡಲು ಬ್ಯಾಂಕಿಗೆ ಧೈರ್ಯವಿರಬೇಕು. ನೂಲಿನ ಬೆಲೆ ಏರಿ ಸೀರೆ ಹೋಗದ ತಿಂಗಳಲ್ಲಿ ನನ್ನ ಟೇಬಲ್ಲಿಗೆ ಅರ್ಜಿಗಳೇ ಬರುತ್ತಿರಲಿಲ್ಲ, ಬ್ಯಾಂಕಿನಲ್ಲಿ ಹಣವಿದ್ದರೂ.

ಹತ್ತನೇ ದಿನಕ್ಕೆ ಒಂದೇ ಪ್ರಶ್ನೆ ಕೊಟ್ಟೆ. 2023ರ ಜುಲೈಯಲ್ಲಿ ಗ್ರಾಹಕ ಬೆಲೆಯ ಹಣದುಬ್ಬರ ಶೇ 7.44. ಗುರಿ 4, ಮೇಲಿನ ಮಿತಿ 6. ರೆಪೊ ಏರಿಸಬೇಕಿತ್ತಲ್ಲವೇ, ಯಾಕೆ 6.50ರಲ್ಲೇ ಬಿಟ್ಟರು? ಕೋಲಾರ, ಹೊಸಕೋಟೆ ಕಡೆಯ ಯಾರನ್ನಾದರೂ ಕೇಳಿದರೆ ಆ ಜುಲೈ ಎಂದರೆ ಟೊಮೆಟೊ ಎನ್ನುತ್ತಾರೆ. ರೆಪೊ ಏರಿಸಿದರೆ ಟೊಮೆಟೊ ಗಿಡ ಕಾಯಿ ಹೆಚ್ಚಿಗೆ ಬಿಡುವುದಿಲ್ಲ. ಏರಿಕೆ ಭಾವನ ಸಾಲದಂಥವುಗಳ ಮೂಲಕ ಬೇಡಿಕೆ ತಗ್ಗಿಸಲು ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಹೊಸ ಬೆಳೆ ಮಾರುಕಟ್ಟೆಗೆ ಬಂದಿರುತ್ತದೆ. ಆಗಸ್ಟಿನಲ್ಲಿ 6.83, ಸೆಪ್ಟೆಂಬರಿನಲ್ಲಿ 5.02. ಆದರೆ ಇದನ್ನೇ ಎಲ್ಲ ಕಡೆಯೂ ಬರೆಯಬಾರದು. 2022ರಲ್ಲಿ ಜನವರಿಯಿಂದ ಸೆಪ್ಟೆಂಬರ್‌ವರೆಗೆ, ಸತತ ಮೂರು ತ್ರೈಮಾಸಿಕ, ಹಣದುಬ್ಬರ ಆರರ ಮೇಲೇ ಇತ್ತು. ಅದು ಎರಡು ತಿಂಗಳಲ್ಲಿ ಇಳಿಯುವ ತರಕಾರಿಯ ಕಥೆಯಲ್ಲ. ಕಾನೂನಿನ ಪ್ರಕಾರ ಅದು ಸಮಿತಿಯ ವೈಫಲ್ಯ. ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ಕಾರಣ ಬರೆದು ಕೊಡಬೇಕಾಯಿತು. ಏರಿಕೆ ತಾತ್ಕಾಲಿಕವೋ ಅಲ್ಲವೋ ಎಂದು ಆ ತಿಂಗಳಲ್ಲೇ ಹೇಳುವುದು ಕಷ್ಟ. ಉತ್ತರದಲ್ಲಿ ಎರಡು ವರ್ಷಗಳನ್ನೂ ಅಕ್ಕಪಕ್ಕ ಇಟ್ಟು ಆ ಕಷ್ಟವನ್ನು ತೋರಿಸು ಎಂದೆ.

ಉಳಿದ ದಿನಗಳಲ್ಲಿ ಓದು ಇಲ್ಲ, ಬರೆಯುವುದೇ. ಹಳೆಯ ಪ್ರಶ್ನೆಪತ್ರಿಕೆ, ಗಡಿಯಾರ, ಮಗ್ಗದ ಸದ್ದು. ಅವಳ ಉತ್ತರಗಳಲ್ಲಿ ನಾನು ಕೆಂಪು ಹಾಕಿದ್ದು ಹೆಚ್ಚಾಗಿ ಒಂದೇ ಜಾಗದಲ್ಲಿ: 'ರೆಪೊ ಶೇ 8ರಷ್ಟು ಇಳಿಯಿತು' ಎಂಬಂಥ ವಾಕ್ಯ. ಆರರಿಂದ ಐದೂವರೆಗೆ ಬಂದರೆ ಅನುಪಾತದ ಲೆಕ್ಕದಲ್ಲಿ ಅದು ನಿಜವೇ, ಆದರೆ ಈ ಪತ್ರಿಕೆಯಲ್ಲಿ ಹೇಳುವ ರೀತಿ ಅದಲ್ಲ. ಐವತ್ತು ಬೇಸಿಸ್ ಪಾಯಿಂಟ್ ಎನ್ನಬೇಕು.

ಹದಿಮೂರನೇ ದಿನ ಅವಳಿಗೊಂದು ಅನುಮಾನ ಬಂತು. "ಪ್ರಶ್ನೆಪತ್ರಿಕೆ ಆರನೇ ತಾರೀಖಿಗೆ ಮುಂಚೇನೇ ಪ್ರಿಂಟ್ ಆಗಿರುತ್ತೆ ಮಾವ. ಸರಿಯುತ್ತರದಲ್ಲಿ ಆರು ಅಂತಿದ್ದು ನಾನು ಐದೂವರೆ ಅಂದ್ರೆ?"

ಬರೀ ಅಂಕಿ ಬರೆದರೆ ತಕರಾರು. ತಾರೀಖಿನ ಜೊತೆ ಬರೆದರೆ ಇಲ್ಲ: 2025ರ ಜೂನ್ 6ರಂದು 6.00ರಿಂದ 5.50ಕ್ಕೆ. ಎರಡೂ ಅಂಕಿ ಅಲ್ಲಿರುತ್ತವೆ, ಮೌಲ್ಯಮಾಪಕರ ಬಳಿ ಯಾವುದಿದ್ದರೂ ಸಿಗುತ್ತದೆ. ಅವಳು ಎದ್ದು ಹೋಗಿ ತಾನು ಬರೆದಿಟ್ಟ ಪ್ರತಿ ದರದ ಪಕ್ಕದಲ್ಲೂ ತಾರೀಖು ಹಾಕತೊಡಗಿದಳು. ಹದಿನಾಲ್ಕನೇ ದಿನದ ಅರ್ಧ ಅದಕ್ಕೇ ಹೋಯಿತು. ಮಿಕ್ಕರ್ಧ ಮಲಗಿದಳು.